ಡೇರಿಯ ಬಾಗಿಲಲ್ಲಿ ಗಡಿಯಾರ: ಕೆಲಸವಾರು ಸಮಯದ ಲೆಕ್ಕ ಏಕೆ, ಯಾರ ಕೈಯಲ್ಲಿ?



ಬೆಳಗಿನ ಹಾಲು ಹಾಕಲು ಬಂದವರು ಸಾಲಿನಲ್ಲಿ ನಿಂತು ನಿಂತು ಸಾಕಾಗಿ, "ಇವತ್ತೂ ಮಕ್ಕಳ ಶಾಲೆಗೆ ಹೊತ್ತಾಯ್ತು" ಎಂದು ಗೊಣಗುವುದು ಅನೇಕ ಸಂಘಗಳಲ್ಲಿ ಕೇಳಿಬರುವ ಮಾತು. ಹೊತ್ತು ಹೋಗುವುದು ಸದಸ್ಯರದ್ದು ಮಾತ್ರವಲ್ಲ. ಕರೆದ ಹಾಲು ಪಾತ್ರೆಯಲ್ಲಿ ಬೆಚ್ಚಗೆ ಕುಳಿತಷ್ಟೂ ಅದರಲ್ಲಿ ಸೂಕ್ಷ್ಮಾಣುಗಳು ಹೆಚ್ಚುತ್ತವೆ. ತಂಪು ಮಾಡುವ ತೊಟ್ಟಿಗೆ ಸೇರುವುದು ತಡವಾದ ಹಾಲಿನ ಗುಣಮಟ್ಟ ಕುಸಿಯುತ್ತದೆ, ಬೇಸಿಗೆಯಲ್ಲಂತೂ ಒಡೆದೇ ಹೋಗಬಹುದು. ಆದ್ದರಿಂದ ಡೇರಿಯಲ್ಲಿ ಯಾವ ಕೆಲಸಕ್ಕೆ ಎಷ್ಟು ಸಮಯ ಹಿಡಿಯುತ್ತದೆ ಎಂದು ಬರೆದಿಟ್ಟು ನೋಡುವುದು ಒಳ್ಳೆಯ ಆಲೋಚನೆಯೇ. ಆದರೆ ಅದನ್ನು ತಪ್ಪು ರೀತಿಯಲ್ಲಿ ಮಾಡಿದರೆ ಏನಾಗುತ್ತದೆ, ಸರಿಯಾಗಿ ಮಾಡಿದರೆ ಏನು ಸಿಗುತ್ತದೆ ಎಂಬ ಎರಡನ್ನೂ ನಾನು ಒಂದೇ ಸಂಘದಲ್ಲಿ ಕಂಡಿದ್ದೇನೆ. ಸಂಘದ ಹೆಸರು ಇಲ್ಲಿ ಬೇಡ.

ಆ ಸಂಘದಲ್ಲಿ ಬೆಳಗ್ಗೆ ಸುಮಾರು 120 ಜನ ಹಾಲು ಹಾಕುತ್ತಾರೆ. ಒಂದೇ ಕಿಟಕಿ, ಒಂದೇ ಹಾಲು ಪರೀಕ್ಷಾ ಯಂತ್ರ, ಒಬ್ಬ ಹಾಲು ಪರೀಕ್ಷಕಿ, ಒಬ್ಬ ಸಹಾಯಕ. ಆರು ಗಂಟೆಗೆ ಆರಂಭವಾದ ಸಂಗ್ರಹಣೆ ಮುಗಿಯುವಾಗ ಎಂಟು ಗಂಟೆ ಹತ್ತು ನಿಮಿಷ. ಕಂಪ್ಯೂಟರ್ ಚೀಟಿಯಲ್ಲಿ ಸದಸ್ಯರ ಸಂಖ್ಯೆ, ಲೀಟರು, ಜಿಡ್ಡು, ಎಸ್.ಎನ್.ಎಫ್., ದರ ಇವುಗಳ ಜೊತೆ ಗಂಟೆ ನಿಮಿಷವೂ ಮುದ್ರಣವಾಗುವುದನ್ನು ನೀವು ಗಮನಿಸಿರಬಹುದು. ಆಡಳಿತ ಮಂಡಳಿಯವರಲ್ಲಿ ಲೆಕ್ಕ ಬಲ್ಲ ಒಬ್ಬರು ಒಂದು ವಾರದ ಚೀಟಿಗಳ ಪಟ್ಟಿ ತೆಗೆಸಿ, ಒಂದು ಚೀಟಿಗೂ ಮುಂದಿನ ಚೀಟಿಗೂ ನಡುವೆ ಎಷ್ಟು ಅಂತರವಿದೆ ಎಂದು ಗುರುತು ಹಾಕಿದರು. ಕೆಲವು ಕಡೆ ನಲವತ್ತು ಸೆಕೆಂಡು, ಕೆಲವು ಕಡೆ ನಾಲ್ಕು ನಿಮಿಷ. ನಾಲ್ಕು ನಿಮಿಷದ ಅಂತರಗಳಿಗೆಲ್ಲ ಕೆಂಪು ಗೆರೆ ಎಳೆದು ಪರೀಕ್ಷಕಿಯನ್ನು ಸಭೆಗೆ ಕರೆಸಿ ಕೇಳಿದರು. ಆಕೆಗೆ ಉತ್ತರ ತೋಚಲಿಲ್ಲ. ಹತ್ತು ದಿನದ ಹಿಂದಿನ ಮಂಗಳವಾರ ಆರು ಗಂಟೆ ಐವತ್ತೆರಡು ನಿಮಿಷಕ್ಕೆ ಏನು ಮಾಡುತ್ತಿದ್ದೆ ಎಂದು ಕೇಳಿದರೆ ನಮ್ಮಲ್ಲಿ ಯಾರಿಗೆ ತಾನೇ ನೆನಪಿರುತ್ತದೆ?

ತಪ್ಪು ಆಗಿದ್ದು ಲೆಕ್ಕದಲ್ಲಲ್ಲ, ಅದನ್ನು ಓದಿದ ರೀತಿಯಲ್ಲಿ. ಚೀಟಿಯ ಮೇಲಿನ ಸಮಯ ಕೆಲಸ ಮುಗಿದ ಗಳಿಗೆಯನ್ನು ಹೇಳುತ್ತದೆಯೇ ಹೊರತು ಕೆಲಸ ಆರಂಭವಾದ ಗಳಿಗೆಯನ್ನಲ್ಲ. ನಡುವಿನ ನಾಲ್ಕು ನಿಮಿಷದಲ್ಲಿ ಕ್ಯಾನು ತುಂಬಿ ಬೇರೆ ಕ್ಯಾನು ಇಟ್ಟಿರಬಹುದು, ಸೋಸುವ ಬಟ್ಟೆ ತೊಳೆದಿರಬಹುದು, ಕಳೆದ ಬಟವಾಡೆಯ ಬಗ್ಗೆ ಸದಸ್ಯರೊಬ್ಬರು ತಕರಾರು ತೆಗೆದಿರಬಹುದು, ಅಥವಾ ಸಾಲಿನಲ್ಲಿ ಯಾರೂ ಇಲ್ಲದೆ ಆಕೆ ಸುಮ್ಮನೆ ಕಾಯುತ್ತಿದ್ದಿರಬಹುದು. ಯಂತ್ರಕ್ಕೆ ಇವೆಲ್ಲವೂ ಒಂದೇ. ಕಾರಣ ತಿಳಿಯದ ಅಂತರವನ್ನೆಲ್ಲ ಕಿಟಕಿಯ ಹಿಂದೆ ಕುಳಿತವರ ತಲೆಗೆ ಕಟ್ಟುವುದು ಸುಲಭ, ಏಕೆಂದರೆ ಕಣ್ಣಿಗೆ ಕಾಣುವವರು ಅವರೇ.

ಮುಂದೆ ನಡೆದದ್ದು ಇನ್ನೂ ಗಮನಿಸಬೇಕಾದ ವಿಷಯ. ಮರುವಾರದಿಂದ ಸಂಗ್ರಹಣೆ ಬೇಗ ಮುಗಿಯತೊಡಗಿತು. ಮಂಡಳಿಯವರಿಗೆ ಸಂತೋಷ. ಆದರೆ ಜಿಡ್ಡಿನ ಬಗ್ಗೆ ದೂರು ಬರತೊಡಗಿತು. ಅದೇ ಹಸು, ಅದೇ ಮೇವು, ಒಂದು ದಿನ 3.6, ಮರುದಿನ 4.3. ವಿಚಾರಿಸಲು ಹೋದಾಗ ನಾನು ಮೂಲೆಯಲ್ಲಿ ನಿಂತು ನೋಡಿದೆ. ಪಾತ್ರೆಯ ಹಾಲನ್ನು ತಳದಿಂದ ಮೇಲಕ್ಕೆ ಕಲಕುವುದನ್ನು ಆಕೆ ಕೈಬಿಟ್ಟಿದ್ದರು. ಅರ್ಧ ಗಂಟೆ ಸಾಲಿನಲ್ಲಿದ್ದ ಹಾಲಿನಲ್ಲಿ ಜಿಡ್ಡು ಮೇಲಕ್ಕೆ ಬಂದಿರುತ್ತದೆ. ಕಲಕದೆ ಮೇಲಿನಿಂದ ಮಾದರಿ ತೆಗೆದರೆ ಜಿಡ್ಡು ಹೆಚ್ಚು, ಕೆಳಗಿನಿಂದ ತೆಗೆದರೆ ಕಡಿಮೆ. ಯಂತ್ರದ ಕೊಳವೆಯನ್ನು ನಡುನಡುವೆ ತೊಳೆಯುವುದೂ ನಿಂತಿತ್ತು. ಎಮ್ಮೆ ಹಾಲು ನೋಡಿದ ಕೂಡಲೇ ಹಸುವಿನ ಹಾಲು ಇಟ್ಟರೆ, ಕೊಳವೆಯಲ್ಲಿ ಉಳಿದದ್ದು ಬೆರೆತು ಹಿಂದಿನವರ ಜಿಡ್ಡು ಮುಂದಿನವರ ಚೀಟಿಗೆ ಸ್ವಲ್ಪ ಸೇರಿಕೊಳ್ಳುತ್ತದೆ. ಮೂಸಿ ನೋಡುವುದಂತೂ ಹೆಸರಿಗೆ ಮಾತ್ರ. ಹೀಗೆ ಉಳಿದ ಸಮಯದ ಬೆಲೆಯನ್ನು ತೆತ್ತವರು ಸದಸ್ಯರೇ. ಆಕೆಯನ್ನು ದೂರಿ ಪ್ರಯೋಜನವಿಲ್ಲ. ಗಡಿಯಾರ ತೋರಿಸಿ ಆತುರಪಡಿಸಿದರೆ ಮನುಷ್ಯರು ಮೊದಲು ಬಿಡುವುದು ಚೀಟಿಯಲ್ಲಿ ಕಾಣದ ಕೆಲಸವನ್ನೇ.

ಈ ಅಂಜಿಕೆ ಹೊಸದಲ್ಲ. ಅಮೆರಿಕದಲ್ಲಿ ಫ್ರೆಡರಿಕ್ ಟೇಲರ್ ಎಂಬ ಇಂಜಿನಿಯರ್, ಪ್ರತಿ ಕೆಲಸವನ್ನೂ ತುಂಡು ಮಾಡಿ ಒಂದೊಂದು ತುಂಡಿಗೂ ಸ್ಟಾಪ್‌ವಾಚ್ ಹಿಡಿಯುವ ಪದ್ಧತಿಯನ್ನು ಪ್ರಸಿದ್ಧಿಗೆ ತಂದರು. ಅಲ್ಲಿನ ಮಸಾಚುಸೆಟ್ಸ್ ರಾಜ್ಯದ ವಾಟರ್‌ಟೌನ್‌ನಲ್ಲಿದ್ದ ಸೈನ್ಯದ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ 1911ರ ಆಗಸ್ಟ್‌ನಲ್ಲಿ ಎರಕದ ಕೆಲಸಗಾರರ ಮುಂದೆ ಈ ಗಡಿಯಾರ ಬಂದಾಗ, ಒಬ್ಬ ಕೆಲಸಗಾರ ತನ್ನ ಕೆಲಸಕ್ಕೆ ಗಡಿಯಾರ ಹಿಡಿಯಲು ಒಪ್ಪಲಿಲ್ಲ. ಅವನನ್ನು ತೆಗೆದುಹಾಕಿದ್ದರಿಂದ ಉಳಿದವರೂ ಕೆಲಸ ಬಿಟ್ಟು ಹೊರನಡೆದರು. ಮುಷ್ಕರ ನಡೆದದ್ದು ಒಂದು ವಾರ ಮಾತ್ರ, ಆದರೆ ವಿಷಯ ಅಲ್ಲಿನ ಸಂಸತ್ತಿನವರೆಗೂ ಹೋಗಿ ವಿಚಾರಣೆಯಾಯಿತು. 1915ರಲ್ಲಿ ಸೈನ್ಯದ ಅನುದಾನದ ಕಾಯಿದೆಯಲ್ಲೇ, ಆ ಹಣದಿಂದ ಕೆಲಸಗಾರರಿಗೆ ಸ್ಟಾಪ್‌ವಾಚ್ ಹಿಡಿಯಕೂಡದೆಂಬ ಷರತ್ತು ಸೇರಿಸಲಾಯಿತು. ಇಂಥ ಷರತ್ತು 1949ರವರೆಗೂ ಉಳಿದಿತ್ತು. ಅಲ್ಲಿನ ಎರಕದವರು ಸೋಮಾರಿಗಳಾಗಿರಲಿಲ್ಲ. ತಮ್ಮನ್ನು ಕೇಳದೆ, ತಮ್ಮ ಬೆನ್ನ ಹಿಂದೆ ನಿಂತು ಬರೆದುಕೊಂಡದ್ದು ನಾಳೆ ಕೂಲಿಗೂ ಹೆಚ್ಚಿನ ಹೊರೆಗೂ ಆಧಾರವಾಗುತ್ತದೆ ಎಂಬುದು ಅವರ ಆತಂಕ. ನಮ್ಮ ಪರೀಕ್ಷಕಿಯ ಆತಂಕವೂ ಅದೇ ಆಗಿತ್ತು.

ಮತ್ತೆ ನಮ್ಮ ಸಂಘಕ್ಕೆ ಬರೋಣ. ಮುಂದಿನ ಸಭೆಯಲ್ಲಿ ಪರೀಕ್ಷಕಿಯೇ ಎದ್ದು, "ಅಧ್ಯಕ್ಷರೇ, ಗಡಿಯಾರ ಬೇಡ ಅಂತ ನಾನು ಅನ್ನಲ್ಲ. ನನ್ನನ್ನ ಅಳೀಬೇಡಿ, ಕೆಲಸಾನ ಅಳೀರಿ" ಎಂದರು. ಮಾತು ನ್ಯಾಯವಾಗಿತ್ತು. ಒಂದು ಹಾಳೆಗೆ ರೂಲು ಹಾಕಿ ನಾಲ್ಕು ಕಾಲಂ ಮಾಡಿದೆವು: ಹಾಲು ನೋಡಿ, ಮೂಸಿ, ಕಲಕಿ ಮಾದರಿ ತೆಗೆಯುವುದು, ಯಂತ್ರದಲ್ಲಿಟ್ಟು ಫಲಿತಾಂಶ ಬಂದು ಮುಂದಿನದಕ್ಕೆ ಸಿದ್ಧವಾಗುವುದು, ತೂಕ ಮಾಡಿ ಸುರಿಯುವುದು, ಚೀಟಿ ಕೊಡುವುದು. ಐದನೆಯ ಕಾಲಂ 'ಕಾರಣ' ಎಂದು. ಯಾರ ಹೆಸರೂ ಹಾಳೆಯಲ್ಲಿಲ್ಲ. ಗಡಿಯಾರ ಹಿಡಿದವರು ಹಾಲು ಹಾಕಲು ಬಂದ ಒಬ್ಬ ಸದಸ್ಯೆ. ಪರೀಕ್ಷಕಿಗೂ ಸಹಾಯಕನಿಗೂ ಮೊದಲೇ ತಿಳಿಸಿ, ಆರಂಭದ, ನಡುವಿನ, ಕೊನೆಯ ಕೆಲವರನ್ನು ಆರಿಸಿ ದಿನಕ್ಕೆ ಇಪ್ಪತ್ತು ಜನರಂತೆ ನಾಲ್ಕು ದಿನ ಬರೆದೆವು. ಮೊದಲ ದಿನದ ಹಾಳೆಯನ್ನು ಹರಿದು ಹಾಕಿದೆವು. ನೋಡುತ್ತಿದ್ದಾರೆಂದು ಗೊತ್ತಾದ ಮೊದಲ ದಿನ ಯಾರ ಕೈಯೂ ಎಂದಿನಂತೆ ಓಡುವುದಿಲ್ಲ.

ಮೂರು ದಿನದ ಸರಾಸರಿ ಹೀಗೆ ಬಂತು. ಮಾದರಿ ತೆಗೆಯಲು 12 ಸೆಕೆಂಡು, ಯಂತ್ರಕ್ಕೆ 38, ತೂಕಕ್ಕೆ 10, ಚೀಟಿಗೆ 5. ಒಟ್ಟು 65 ಸೆಕೆಂಡು. ಇದನ್ನು 120 ಜನರಿಗೆ ಗುಣಿಸಿದರೆ 7800 ಸೆಕೆಂಡು, ಅಂದರೆ ಎರಡು ಗಂಟೆ ಹತ್ತು ನಿಮಿಷ. ಹಿಂದೆ ಸಂಗ್ರಹಣೆಗೆ ಹಿಡಿಯುತ್ತಿದ್ದದ್ದು ಸರಿಯಾಗಿ ಅಷ್ಟೇ! ಅಂದರೆ ಪರೀಕ್ಷಕಿ ಎಲ್ಲೂ ಹೊತ್ತು ಕಳೆಯುತ್ತಿರಲಿಲ್ಲ. ಹೊತ್ತು ಹೋಗುತ್ತಿದ್ದದ್ದು ಒಂದರ ನಂತರ ಒಂದು ಎಂಬ ಕ್ರಮದಲ್ಲಿ. ಯಂತ್ರ ಓಡುವಾಗ ಮನುಷ್ಯರು ಕಾಯುತ್ತಿದ್ದರು, ತೂಕ ಮಾಡುವಾಗ ಯಂತ್ರ ಕಾಯುತ್ತಿತ್ತು.

ಆದ್ದರಿಂದ ಯಂತ್ರ ಒಬ್ಬರ ಮಾದರಿ ನೋಡುತ್ತಿರುವಾಗಲೇ ಸಹಾಯಕ ಅದೇ ಸದಸ್ಯರ ಹಾಲು ತೂಗಬೇಕು, ಪರೀಕ್ಷಕಿ ಮುಂದಿನವರ ಹಾಲು ಮೂಸಿ, ಕಲಕಿ, ಮಾದರಿ ತೆಗೆದಿಡಬೇಕು ಎಂದು ಗೊತ್ತುಮಾಡಲಾಯಿತು. ಹಾಗಾದರೆ ಒಬ್ಬರಿಗೆ ಹಿಡಿಯುವ ಸಮಯ ಹೆಚ್ಚುಕಡಿಮೆ ಯಂತ್ರದ ಸಮಯವೇ, ನಲವತ್ತು ಸೆಕೆಂಡು ಎಂದಿಟ್ಟುಕೊಳ್ಳಿ. ಲೆಕ್ಕದ ಪ್ರಕಾರ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯಬೇಕು. ನಿಜವಾಗಿ ಮುಗಿದದ್ದು ಒಂದು ಗಂಟೆ ಮೂವತ್ತೈದು ನಿಮಿಷಕ್ಕೆ, ಏಕೆಂದರೆ ಕೊಳವೆ ತೊಳೆಯುವುದು ಮತ್ತೆ ಆರಂಭವಾಯಿತು, ತಡವಾಗಿ ಬರುವವರು ತಡವಾಗಿಯೇ ಬಂದರು. ಅದಕ್ಕೆ ಗಡಿಯಾರದಲ್ಲಿ ಔಷಧವಿಲ್ಲ. ಆದರೂ ಮೂವತ್ತೈದು ನಿಮಿಷ ಉಳಿಯಿತು, ಯಾರ ಕೈಯನ್ನೂ ಆತುರಪಡಿಸದೆ.

ಇಲ್ಲಿ ಒಂದು ಅಪಾಯವಿದೆ, ಹೇಳದೆ ಬಿಡಬಾರದು. ಮುಂದಿನವರ ಮಾದರಿಯನ್ನು ಮೊದಲೇ ತೆಗೆದಿಟ್ಟರೆ ಬಟ್ಟಲು ಅದಲುಬದಲಾಗಬಹುದು. ಲಕ್ಷ್ಮಕ್ಕನ ಜಿಡ್ಡು ಗೌರಮ್ಮನ ಚೀಟಿಗೆ ಹೋದರೆ ಸಾಲು ಬೇಗ ಕರಗಿ ಏನು ಬಂತು? ಬಟ್ಟಲುಗಳಿಗೆ ಅಳಿಸಿಹೋಗದ ಬಣ್ಣದಲ್ಲಿ ಸಂಖ್ಯೆ ಬರೆದು, ಅದೇ ಸಂಖ್ಯೆಯ ಬಿಲ್ಲೆಯನ್ನು ಸದಸ್ಯರ ಕೈಗೆ ಕೊಡಬೇಕು. ಬಿಲ್ಲೆ ನೋಡಿದ ಮೇಲೆಯೇ ಯಂತ್ರದಲ್ಲಿಡಬೇಕು. ಒಂದೇ ಸಲಕ್ಕೆ ಒಂದು ಬಟ್ಟಲು ಮಾತ್ರ ಮುಂದಿರಲಿ, ನಾಲ್ಕೈದು ತೆಗೆದಿಟ್ಟುಕೊಳ್ಳುವ ಚಪಲ ಬೇಡ.

ಹಾಳೆಯ ಐದನೆಯ ಕಾಲಂನಿಂದ ಸಿಕ್ಕಿದ್ದನ್ನೂ ಹೇಳಬೇಕು. ಅತಿ ದೀರ್ಘವಾದ ಅಂತರಗಳ ಎದುರು ಪದೇ ಪದೇ ಬರೆದಿದ್ದ ಕಾರಣ 'ಬಟವಾಡೆ ವಿಚಾರ'. ಅದಕ್ಕೆ ಸಂಜೆ ಅರ್ಧ ಗಂಟೆ ಬೇರೆ ಗೊತ್ತುಮಾಡಿ ಕಾರ್ಯದರ್ಶಿಗಳು ಕೂರತೊಡಗಿದರು. ಕಂಪ್ಯೂಟರ್ ಚೀಟಿ ಎಷ್ಟು ವರ್ಷ ಕೂಡಿಟ್ಟರೂ ಈ ಕಾರಣವನ್ನು ಹೇಳುತ್ತಿರಲಿಲ್ಲ.

ಇದೇ ರೀತಿ ಕೃತಕ ಗರ್ಭಧಾರಣೆ ಕಾರ್ಯಕರ್ತರ ಸಮಯವನ್ನೂ ಬರೆಸಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ಎಚ್ಚರ ಬೇಕು. ವೀರ್ಯದ ಕಡ್ಡಿಯನ್ನು 37 ಡಿಗ್ರಿ ಬೆಚ್ಚಗಿನ ನೀರಿನಲ್ಲಿ 30 ಸೆಕೆಂಡು ಇಡುವುದು ಗರ್ಭ ಕಟ್ಟುವುದಕ್ಕೆ ಬೇಕಾದ ಸಮಯ. 'ದಿನಕ್ಕೆ ಎಷ್ಟು ಮನೆ' ಎಂದು ಎಣಿಸತೊಡಗಿದರೆ ಆ 30 ಸೆಕೆಂಡೇ ಮೊದಲು ಕರಗುತ್ತದೆ. ಅದು ತಿಳಿಯುವುದು ಸುಮಾರು ಮೂರು ವಾರದ ನಂತರ, ಹಸು ಮತ್ತೆ ಬೆದೆಗೆ ಬಂದಾಗ.

ಕೊನೆಗೆ ಆ ಸಂಘದ ಸರ್ವ ಸದಸ್ಯರ ಸಭೆಯಲ್ಲಿ ನಡೆದ ಚರ್ಚೆ. ಇಷ್ಟು ಉಪಯೋಗವಾದ ಮೇಲೆ ದಿನವೂ ಬರೆಯೋಣ ಎಂದು ಒಬ್ಬರು ಸೂಚಿಸಿದರು. ಪರೀಕ್ಷಕಿ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ನಾಲ್ಕು ದಿನದಲ್ಲಿ ತಿಳಿದದ್ದು ಕೆಲಸದ ಕ್ರಮ. ದಿನವೂ ಬರೆದರೆ ಅದು ಬರೀ ಕಾವಲು. ಚೀಟಿಯ ಮೇಲಿನ ಸಮಯ ಹೇಗೂ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಅದನ್ನು ಅಳಿಸುವಂತಿಲ್ಲ, ಸದಸ್ಯರ ತಕರಾರು ಬಂದಾಗ ಅದು ಬೇಕು. ಹಾಗಾಗಿ ಒಂದು ಠರಾವು ಬರೆಯಲಾಯಿತು: ಚೀಟಿಯ ಸಮಯವನ್ನು ಸಿಬ್ಬಂದಿಯ ಸಂಬಳಕ್ಕಾಗಲಿ ಶಿಸ್ತು ಕ್ರಮಕ್ಕಾಗಲಿ ಒಂದೇ ಆಧಾರವಾಗಿ ಬಳಸಕೂಡದು, ಸಮಯದ ಹಾಳೆ ಬರೆಯುವುದಾದರೆ ಮೊದಲೇ ತಿಳಿಸಬೇಕು, ಬರೆದ ಹಾಳೆಯನ್ನು ಸಿಬ್ಬಂದಿಗೆ ಮೊದಲು ತೋರಿಸಿ ಆಮೇಲೆ ಮಂಡಳಿಗೆ ಇಡಬೇಕು. ಕೆಂಪು ಗೆರೆ ಎಳೆದಿದ್ದ ಸದಸ್ಯರು ವಿರೋಧಿಸಿದರು, ಮಂಡಳಿಯ ಕೈ ಕಟ್ಟಿದಂತಾಗುತ್ತದೆ ಎಂಬುದು ಅವರ ವಾದ. ಅದನ್ನೂ ನಡವಳಿ ಪುಸ್ತಕದಲ್ಲಿ ದಾಖಲಿಸಿ ಠರಾವು ಅಂಗೀಕರಿಸಲಾಯಿತು.

ತಮ್ಮ ಸಂಘದಲ್ಲಿ ಇದನ್ನು ಮಾಡಿನೋಡಲು ಬಯಸುವವರು ಸಾಲು ಅತಿ ಉದ್ದವಾಗಿರುವ ತಿಂಗಳನ್ನೇ ಆರಿಸಿಕೊಳ್ಳಬೇಕು. ಗಡಿಯಾರದಲ್ಲಿ ಸೆಕೆಂಡಿನ ಮುಳ್ಳಿದ್ದರೆ ಸಾಕು. ನಮೂನೆ ಬೇಕಾದವರು ತಮ್ಮ ಮಾರ್ಗದ ವಿಸ್ತರಣಾಧಿಕಾರಿಗಳನ್ನು ಕೇಳಬಹುದು, ಆದರೆ ಮಕ್ಕಳ ನೋಟ್ ಪುಸ್ತಕದ ಒಂದು ಹಾಳೆಗೆ ಐದು ಗೆರೆ ಎಳೆದುಕೊಂಡರೂ ಕೆಲಸ ನಡೆಯುತ್ತದೆ.