ಮುರಿದ ಪ್ರೀತಿಯ ಬೆನ್ನಿಗೇ ಹೊಸ ಪ್ರೀತಿ: ಎರಡು ಟ್ಯಾರೋ ಎಲೆಗಳು

ಸಂಬಂಧ ಮುರಿದು ತಿಂಗಳಾಗಿದೆ, ಆಗಲೇ ಹೊಸಬನೊಬ್ಬ ಬದುಕಿಗೆ ಬಂದಿದ್ದಾನೆ. ಹೀಗಿರುವ ಹೆಣ್ಣೊಬ್ಬಳು ಎರಡು ಎಲೆ ಎತ್ತುತ್ತಾಳೆ ಎನ್ನೋಣ. ‘ನನ್ನ ಮನಸ್ಸು’ ಎಂಬ ಜಾಗದಲ್ಲಿ ಸ್ಟಾರ್, ‘ಈ ಸಂಬಂಧ’ ಎಂಬಲ್ಲಿ ನೈಟ್ ಆಫ್ ವ್ಯಾಂಡ್ಸ್. ಸ್ಟಾರ್ ಕಂಡೊಡನೆ ‘ಶುಭ’ ಎಂದು ಹಿಗ್ಗುವವರೇ ಹೆಚ್ಚು. ಆದರೆ ಟ್ಯಾರೋ ಕಟ್ಟಿನಲ್ಲಿ ಅದು 17ನೆಯದು. ಅದಕ್ಕೂ ಮುಂಚಿನ 16ನೆಯದು ಸಿಡಿಲು ಬಡಿದು ಉರಿಯುವ ಗೋಪುರ. ಅಂದರೆ ಇದು ಕುಸಿತದ ನಂತರದ ಚೇತರಿಕೆ. 1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರದಲ್ಲಿ ಬೆತ್ತಲೆ ಹೆಣ್ಣೊಬ್ಬಳು ಎರಡು ಹೂಜಿಗಳಿಂದ ಕೊಳಕ್ಕೂ ನೆಲಕ್ಕೂ ನಿಧಾನವಾಗಿ ನೀರು ಸುರಿಯುತ್ತಿದ್ದಾಳೆ. ಪಕ್ಕದಲ್ಲಿ ಯಾವ ಸಂಗಾತಿಯೂ ಇಲ್ಲ.

ನೈಟ್ ಇದಕ್ಕೆ ತದ್ವಿರುದ್ಧ. ಮರಳುಗಾಡಿನಲ್ಲಿ ಮುಂಗಾಲೆತ್ತಿದ ಕುದುರೆ, ಕೈಯಲ್ಲಿ ಚಿಗುರಿದ ಕೋಲು. ಅವನ ಆಸೆ ಸುಳ್ಳಲ್ಲ, ಆದರೆ ಅದು ಓಟದ ಆಸೆ. ನಿಲ್ಲುವ ಮಾತು ಈ ಎಲೆಯಲ್ಲಿಲ್ಲ. ಆದ್ದರಿಂದ ನನ್ನ ಓದು ಇಷ್ಟು: ಅವಳ ಮನಸ್ಸು ಮಾಯುತ್ತಿದೆ, ಸಂಬಂಧ ಮಾತ್ರ ಅದಕ್ಕಿಂತ ವೇಗವಾಗಿ ಓಡುತ್ತಿದೆ.

ಜಾಗ ಅದಲುಬದಲಾದರೆ ಅರ್ಥವೂ ತಿರುಗುತ್ತದೆ. ಆಗ ನೋವಿನಿಂದ ಓಡುತ್ತಿರುವವಳು ಅವಳೇ, ನೆಮ್ಮದಿ ಕೊಡಬಲ್ಲದ್ದು ಸಂಬಂಧ. ಹಾಗಾಗಿ ಎಲೆ ಎತ್ತುವ ಮೊದಲೇ ಜಾಗಗಳಿಗೆ ಹೆಸರಿಡಬೇಕು. ಆಮೇಲೆ ಇಟ್ಟರೆ ಬೇಕಾದ ಉತ್ತರವನ್ನೇ ಓದಿಕೊಳ್ಳುತ್ತೇವೆ.

ಅವನು ಉಳಿಯುತ್ತಾನೋ ಇಲ್ಲವೋ ಎಂಬುದನ್ನು ಎಲೆ ಹೇಳಲಾರದು. ಅದನ್ನು ದಯವಿಟ್ಟು ಅವನನ್ನೇ ಕೇಳಿ.