ಅದೇ ಹತ್ತು ಜನವೋ, ಬೇರೆ ಹತ್ತು ಜನವೋ?

ಸಂಖ್ಯಾಶಾಸ್ತ್ರದ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಬಗೆಯ ಚಿತ್ರ ಮತ್ತೆ ಮತ್ತೆ ಬರುತ್ತದೆ. ಮೇಲೆ ಪ್ರಯೋಗದ ಬಗ್ಗೆ ಎರಡು ಮೂರು ವಾಕ್ಯ, ಕೆಳಗೆ ಪುಟ್ಟ ಕೋಷ್ಟಕ, ಅದರೊಳಗೆ ಅಕ್ಕಪಕ್ಕ ಎರಡು ಕಂಬಸಾಲು ಅಂಕಿ. ಇಲ್ಲಿ ಜೋಡಿ ಮಾದರಿಯ ಟಿ-ಪರೀಕ್ಷೆ ಮಾಡಬೇಕೋ, ಸ್ವತಂತ್ರ ಮಾದರಿಗಳದ್ದೋ ಎಂಬುದು ಪ್ರಶ್ನೆ. ಬಹಳ ಮಂದಿಯ ಕಣ್ಣು ನೇರವಾಗಿ ಅಂಕಿಗಳ ಮೇಲೆ ಬೀಳುತ್ತದೆ. ಎರಡೂ ಕಡೆ ಹತ್ತು ಹತ್ತು ಇದ್ದರೆ ಜೋಡಿ ಎಂದು ಬರೆದುಬಿಡುತ್ತಾರೆ. ಅಂಕಿಗಳ ಎಣಿಕೆಯಿಂದ ಇದಕ್ಕೆ ಉತ್ತರ ಸಿಗುವುದೇ ಇಲ್ಲ. ಹೀಗೇಕೆ ಎಂದು ತಿಳಿಯಲು ಈ ಪರೀಕ್ಷೆಯ ಹುಟ್ಟಿನ ಜೊತೆಗೇ ಬಂದ ಒಂದು ಕೋಷ್ಟಕವನ್ನು ನೋಡಬಹುದು.

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂನಲ್ಲಿದ್ದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಕೆಲವು ರೋಗಿಗಳಿಗೆ ನಿದ್ರೆ ತರಿಸುವ ಔಷಧಗಳನ್ನು ಕೊಟ್ಟು ನೋಡಲಾಯಿತು. ಕುಶ್ನಿ ಮತ್ತು ಪೀಬಲ್ಸ್ ಎಂಬಿಬ್ಬರು ಅದರ ವಿವರವನ್ನು 1905ರಲ್ಲಿ ಪ್ರಕಟಿಸಿದರು. ಡಬ್ಲಿನ್‌ನ ಗಿನ್ನಿಸ್ ಬಿಯರ್ ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ, 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಬರೆದ ಪ್ರಬಂಧದಲ್ಲಿ ಅದೇ ಅಂಕಿಗಳನ್ನು ಉದಾಹರಣೆಗೆ ತೆಗೆದುಕೊಂಡರು. ಇವತ್ತು ನಾವು ಟಿ-ಪರೀಕ್ಷೆ ಎನ್ನುವುದರ ಮೂಲ ಆ ಪ್ರಬಂಧ. (ಅದರಲ್ಲಿ ಔಷಧಗಳ ಹೆಸರು ಅದಲುಬದಲಾಗಿದ್ದವು. ಆದ್ದರಿಂದ ಇಲ್ಲಿ ಮೊದಲನೆಯದು, ಎರಡನೆಯದು ಎಂದಷ್ಟೇ ಹೇಳುತ್ತೇನೆ.) ಔಷಧವಿಲ್ಲದ ರಾತ್ರಿಗಳಿಗಿಂತ ಎಷ್ಟು ಗಂಟೆ ಹೆಚ್ಚು ನಿದ್ರೆ ಬಂತು ಎಂಬುದು ಅಂಕಿಗಳ ಅರ್ಥ.

| ರೋಗಿ | ಮೊದಲ ಔಷಧ | ಎರಡನೇ ಔಷಧ |
|---|---|---|
| 1 | 0.7 | 1.9 |
| 2 | −1.6 | 0.8 |
| 3 | −0.2 | 1.1 |
| 4 | −1.2 | 0.1 |
| 5 | −0.1 | −0.1 |
| 6 | 3.4 | 4.4 |
| 7 | 3.7 | 5.5 |
| 8 | 0.8 | 1.6 |
| 9 | 0.0 | 4.6 |
| 10 | 2.0 | 3.4 |

ಮೊದಲ ಔಷಧದ ಸರಾಸರಿ 0.75 ಗಂಟೆ, ಎರಡನೆಯದರದ್ದು 2.33. ಅಂತರ 1.58 ಗಂಟೆ. ಯಾವ ಪರೀಕ್ಷೆ ಮಾಡಿದರೂ ಈ ಅಂತರ ಬದಲಾಗುವುದಿಲ್ಲ. ಅದನ್ನು ಯಾವ ಏರಿಳಿತದ ಎದುರಿಗಿಟ್ಟು ತೂಗುತ್ತೇವೆ ಎಂಬುದು ಮಾತ್ರ ಬದಲಾಗುತ್ತದೆ.

ಇವರು ಇಪ್ಪತ್ತು ಬೇರೆ ಬೇರೆ ಜನ ಎಂದುಕೊಂಡರೆ, ಒಬ್ಬರಿಂದ ಒಬ್ಬರಿಗೆ ನಿದ್ರೆಯಲ್ಲಿರುವ ವ್ಯತ್ಯಾಸವೆಲ್ಲ ಲೆಕ್ಕಕ್ಕೆ ಬರುತ್ತದೆ. ಏಳನೆಯವನಿಗೆ ಯಾವ ಔಷಧ ಕೊಟ್ಟರೂ ಗಂಟೆಗಟ್ಟಲೆ ನಿದ್ರೆ, ನಾಲ್ಕನೆಯವನಿಗೆ ಯಾವುದೂ ಅಷ್ಟಾಗಿ ಹತ್ತದು. ಈ ಗದ್ದಲದಲ್ಲಿ ಅಂತರದ ಅಂದಾಜಿನ ತೂಗಾಟ, ಅಂದರೆ ಮಾನಕ ದೋಷ, 0.85 ಗಂಟೆ ಆಗುತ್ತದೆ. 1.58ನ್ನು ಅದರಿಂದ ಭಾಗಿಸಿದರೆ ಟಿ ಬೆಲೆ 1.86. ಶೇಕಡಾ 5ರ ಮಟ್ಟದಲ್ಲಿ ದಾಟಬೇಕಾದ ಗಡಿ 2.10. ದಾಟಲಿಲ್ಲ. ಎರಡು ಔಷಧಗಳ ನಡುವೆ ವ್ಯತ್ಯಾಸವಿದೆ ಎನ್ನಲು ಸಾಕ್ಷ್ಯ ಸಾಲದು ಎಂದು ಕೈತೊಳೆದುಕೊಳ್ಳಬೇಕಾಗುತ್ತದೆ.

ಆದರೆ ಇವರು ಹತ್ತೇ ಜನ, ಒಬ್ಬೊಬ್ಬರೂ ಎರಡೂ ಔಷಧ ತೆಗೆದುಕೊಂಡವರು. ಹಾಗಾಗಿ ಪ್ರತಿ ಅಡ್ಡಸಾಲಿನಲ್ಲೂ ಕಳೆಯಬಹುದು: 1.2, 2.4, 1.3, 1.3, 0.0, 1.0, 1.8, 0.8, 4.6, 1.4. ಏಳನೆಯವನ ಅತಿನಿದ್ರೆಯೂ ನಾಲ್ಕನೆಯವನ ಅರೆನಿದ್ರೆಯೂ ಕಳೆಯುವಾಗಲೇ ಹೋಗಿಬಿಟ್ಟವು. ಉಳಿದ ಹತ್ತು ಅಂಕಿಗಳ ಮಾನಕ ವಿಚಲನೆ 1.23, ಅದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ ಮಾನಕ ದೋಷ 0.39. ಈಗ ಟಿ ಬೆಲೆ 4.06. ಗಡಿ 2.26ಕ್ಕೆ ಏರಿದೆ, ಏಕೆಂದರೆ ಕೈಯಲ್ಲಿರುವುದು ಇಪ್ಪತ್ತರ ಬದಲು ಹತ್ತೇ ಅಂಕಿ. ಆದರೂ ಅದನ್ನು ಸಲೀಸಾಗಿ ದಾಟಿದ್ದಾಯಿತು. ಅದೇ ಕೋಷ್ಟಕ, ಎರಡು ತದ್ವಿರುದ್ಧ ತೀರ್ಪು. ರೊನಾಲ್ಡ್ ಫಿಷರ್ 1925ರ ತಮ್ಮ ಪುಸ್ತಕದಲ್ಲಿ ಇದನ್ನೇ ಎರಡೂ ರೀತಿ ಲೆಕ್ಕ ಹಾಕಿ, ರೋಗಿಗಳು ಬೇರೆ ಬೇರೆಯಾಗಿದ್ದರೆ ಏನಾಗುತ್ತಿತ್ತು ಎಂದು ತೋರಿಸಿದ್ದರು.

ಹಾಗಾದರೆ ಚಿತ್ರವನ್ನು ಓದುವುದು ಹೇಗೆ? ನನಗೆ ಅತ್ಯಂತ ನಂಬಿಕೆಯ ಉಪಾಯವೆಂದರೆ ಒಂದು ಕಂಬಸಾಲನ್ನು ಮನಸ್ಸಿನಲ್ಲೇ ಕಲಸಿ ನೋಡುವುದು. ಎರಡನೇ ಔಷಧದ ಅಂಕಿಗಳನ್ನು ಕೆಳಗಿನಿಂದ ಮೇಲಕ್ಕೆ ಬರೆದರೆ ಏನಾದರೂ ಕೆಡುತ್ತದೆಯೇ? ಇಲ್ಲಿ ಕೆಡುತ್ತದೆ. ಮೊದಲನೇ ರೋಗಿಯ 0.7ರ ಪಕ್ಕದಲ್ಲಿ ಹತ್ತನೆಯವನ 3.4 ಬಂದು ಕೂರುತ್ತದೆ. ಆ ಉಲ್ಟಾ ಪಟ್ಟಿಯನ್ನೇ ಜೋಡಿ ಎಂದುಕೊಂಡು ಲೆಕ್ಕ ಹಾಕಿದೆ: ಸರಾಸರಿ ಅಂತರ ಅದೇ 1.58, ಟಿ ಬೆಲೆ ಮಾತ್ರ 4.06ರಿಂದ 1.40ಕ್ಕೆ ಕುಸಿಯಿತು. ಕಲಸಿದರೆ ಮಾಹಿತಿ ಹಾಳಾಗುವಂತಿದ್ದರೆ ಅದು ಜೋಡಿ ಮಾದರಿ. ಯಾವ ಅನುಕ್ರಮದಲ್ಲಿ ಬರೆದರೂ ನಡೆಯುತ್ತದೆ ಎಂದಾದರೆ ಸ್ವತಂತ್ರ ಮಾದರಿ.

ತಿರುವುಮುರುವು ತಪ್ಪು ಎಷ್ಟು ಕೆಟ್ಟದ್ದು ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಇಪ್ಪತ್ತು ರೋಗಿಗಳನ್ನು ಚೀಟಿ ಎತ್ತಿ ಹತ್ತು ಹತ್ತರ ಎರಡು ಗುಂಪು ಮಾಡಿದ್ದರೆ, ಆ ಅಂಕಿಗಳನ್ನು ಜೋಡಿ ಮಾಡುವುದೆಂದರೆ ಟೈಪ್ ಮಾಡಿದವರು ಹೆಸರುಗಳನ್ನು ಯಾವ ಕ್ರಮದಲ್ಲಿ ಬರೆದರೋ ಅದರ ಮೇಲೆ ತೀರ್ಮಾನವನ್ನು ಬಿಟ್ಟಂತೆ.

ಚಿತ್ರದಲ್ಲಿ ಮೋಸ ಮಾಡುವುದು ಎಡಗಡೆಯ ಕಂಬಸಾಲು. ಅಲ್ಲಿರುವ 1, 2, 3 ರೋಗಿಯ ಗುರುತೋ, ಬರೀ ಕ್ರಮಸಂಖ್ಯೆಯೋ? 'ರೋಗಿ' ಎಂದು ತಲೆಬರಹವಿದ್ದರೆ ಅಡ್ಡಸಾಲು ಒಬ್ಬನದು. 'ಕ್ರ. ಸಂ.' ಎಂದಿದ್ದರೆ ಅದರಿಂದ ಏನೂ ಗೊತ್ತಾಗದು, ಮೇಲಿನ ವಿವರಣೆಗೇ ಮರಳಬೇಕು. ತಲೆಬರಹವೂ ದಾರಿ ತಪ್ಪಿಸಬಹುದು. ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಇದೇ ನಿದ್ರೆಯ ಅಂಕಿಗಳು `sleep` ಎಂಬ ಹೆಸರಿನಲ್ಲಿವೆ. ಅಲ್ಲಿ ಇಪ್ಪತ್ತೂ ಅಂಕಿ `extra` ಎಂಬ ಒಂದೇ ಕಂಬಸಾಲಿನಲ್ಲಿ ಒಂದರ ಕೆಳಗೊಂದು ನಿಂತಿವೆ, ಪಕ್ಕದಲ್ಲಿ `group` ಎಂದಿದೆ. ನೋಡಿದವರಿಗೆ ಎರಡು ಗುಂಪು ಎನ್ನಿಸುವುದು ಸಹಜ. ಮೂರನೇ ಕಂಬಸಾಲು `ID` ಗಮನಿಸಿದರೆ 1ರಿಂದ 10 ಎರಡು ಸಲ ಬಂದಿರುವುದು ಕಾಣುತ್ತದೆ. ಹೆಸರು ದಾರಿ ತಪ್ಪಿಸೀತು, ಇವು ಹತ್ತು ಜನರ ಅಳತೆಗಳು ಎಂದು ಅದರ ಸಹಾಯಪುಟವೇ ಎಚ್ಚರಿಸುತ್ತದೆ.

ವಿವರಣೆಯಲ್ಲಿ 'ಮೊದಲು, ನಂತರ' ಎಂದಿದ್ದರೆ ಸಾಮಾನ್ಯವಾಗಿ ಜೋಡಿ. ಜೋಡಿ ಎಂದರೆ ಒಬ್ಬನೇ ವ್ಯಕ್ತಿ ಆಗಿರಬೇಕೆಂದೂ ಇಲ್ಲ. ಅವಳಿ ಮಕ್ಕಳು, ಎಡಗಣ್ಣು ಬಲಗಣ್ಣು, ಎರಡು ಪಾಲು ಮಾಡಿ ಬೇರೆ ಬೇರೆ ಗೊಬ್ಬರ ಹಾಕಿದ ಒಂದೇ ಹೊಲ, ಇವೂ ಜೋಡಿಯೇ. ಆದರೆ ಒಂದು ಶಾಲೆಯ ಹೋದ ವರ್ಷದ ಹತ್ತನೇ ತರಗತಿಯ ಅಂಕಗಳನ್ನು ಈ ವರ್ಷದವರ ಅಂಕಗಳೊಡನೆ ಹೋಲಿಸಿದರೆ, ಅಲ್ಲಿಯೂ ಮೊದಲು ಮತ್ತು ನಂತರ ಇದ್ದರೂ ಮಕ್ಕಳು ಬೇರೆ. ಜೋಡಿಯಾಗದು. ಎರಡು ಕಂಬಸಾಲುಗಳ ಎಣಿಕೆ ಬೇರೆಬೇರೆಯಾಗಿದ್ದರೆ, ನಡುವೆ ಯಾರೂ ಬಿಟ್ಟುಹೋಗಿಲ್ಲ ಎಂದು ಖಾತ್ರಿಯಾದ ಮೇಲೆ ಸ್ವತಂತ್ರ ಎನ್ನಬಹುದು. ಎಣಿಕೆ ನೆರವಿಗೆ ಬರುವುದು ಈ ಒಂದು ದಿಕ್ಕಿನಲ್ಲಿ ಮಾತ್ರ.

ತೊಡಕಿನ ಸಂದರ್ಭ ಇನ್ನೊಂದಿದೆ. ತರಬೇತಿಗೆ ಮುನ್ನ ಮೂವತ್ತು ಜನ ಹೆಸರು ಬರೆಯದೆ ಪ್ರಶ್ನಾವಳಿ ತುಂಬಿದರು, ಮುಗಿದ ಮೇಲೆ ಅವರೇ ಮತ್ತೊಮ್ಮೆ ತುಂಬಿದರು. ಜನ ಅವರೇ, ಆದರೆ ಯಾವ ಹಾಳೆಗೆ ಯಾವುದು ಜೊತೆ ಎಂದು ಹೇಳುವವರಿಲ್ಲ. ಮೇಲಿಂದ ಕೆಳಕ್ಕೆ ಜೋಡಿಸಿಬಿಡುವುದು ತಪ್ಪು. ಅನೇಕರು ಸ್ವತಂತ್ರ ಮಾದರಿಯ ಪರೀಕ್ಷೆಯನ್ನೇ ಮಾಡುತ್ತಾರೆ. ಮೊದಲು ಹೆಚ್ಚು ಅಂಕ ಪಡೆದವರೇ ಆಮೇಲೂ ಹೆಚ್ಚು ಪಡೆಯುವ ರೂಢಿ ಇರುವುದರಿಂದ, ಹಾಗೆ ಮಾಡಿದಾಗ ಮಾನಕ ದೋಷ ಇರಬೇಕಾದ್ದಕ್ಕಿಂತ ದೊಡ್ಡದಾಗಿ ಬರುತ್ತದೆ, ನಿದ್ರೆಯ ಕೋಷ್ಟಕದಲ್ಲಿ 0.39ರ ಜಾಗದಲ್ಲಿ 0.85 ಬಂದಂತೆ. ಆಗ ಇಲ್ಲದ ಪರಿಣಾಮವನ್ನು ಕಂಡೆವೆಂದುಕೊಳ್ಳುವ ಭಯ ಕಡಿಮೆ, ಇರುವುದನ್ನು ಕಾಣದೆ ಹೋಗುವ ಭಯ ಹೆಚ್ಚು. ಹಾಳೆಯ ಮೂಲೆಯಲ್ಲಿ ತಾಯಿಯ ಹೆಸರಿನ ಮೊದಲಕ್ಷರ ಮತ್ತು ಹುಟ್ಟಿದ ತಾರೀಕಿನ ಅಂಕಿ ಬರೆಸಿಕೊಂಡಿದ್ದರೆ, ಹೆಸರು ಕೇಳದೆಯೇ ಬಹುಪಾಲು ಜೋಡಿಗಳು ಸಿಕ್ಕುತ್ತಿದ್ದವು.