ಸಂಘದ ಖಾತೆ ತೆರೆಯೋದು, ಒಳಸಾಲದ ಲೆಕ್ಕ ಬರೆಯೋದು

ಸ್ವಸಹಾಯ ಸಂಘದ ದುಡ್ಡನ್ನು ಯಾರೋ ಒಬ್ಬ ಸದಸ್ಯರ ಸ್ವಂತ ಖಾತೆಯಲ್ಲಿ ಇಡಬೇಡಿ. ಸಂಘದ ಹೆಸರಲ್ಲೇ ಉಳಿತಾಯ ಖಾತೆ ತೆರೆಯಬಹುದು, ಅದಕ್ಕೆ ಸಂಘ ನೋಂದಣಿ ಆಗಿರಲೇಬೇಕು ಅಂತೇನಿಲ್ಲ. ಮೊದಲು ಸಭೆ ಸೇರಿ ಠರಾವು ಬರೆಯಿರಿ: ಸಂಘದ ಹೆಸರು, ಯಾವ ಶಾಖೆ, ಖಾತೆ ನಡೆಸೋ ಪ್ರತಿನಿಧಿಗಳು ಯಾರು, ದುಡ್ಡು ತೆಗೆಯೋಕೆ ಯಾವ ಇಬ್ಬರ ಸಹಿ ಬೇಕು. ಎಲ್ಲ ಸದಸ್ಯರ ಸಹಿ ಇರಲಿ. ಠರಾವಿನ ಪ್ರತಿ, ಪ್ರತಿನಿಧಿಗಳ ಆಧಾರ್, ಫೋಟೋ ತಗೊಂಡು ಬ್ಯಾಂಕಿಗೆ ಹೋಗಿ. ಉಳಿತಾಯ ಖಾತೆಗೆ ಪದಾಧಿಕಾರಿಗಳ ಕೆವೈಸಿ ಸಾಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಎಲ್ಲರ ದಾಖಲೆ ಕೇಳಿದರೆ ಇದನ್ನು ಮ್ಯಾನೇಜರಿಗೆ ಮೆತ್ತಗೆ ನೆನಪಿಸಿ.

ಖಾತೆ ಒಂದೆರಡು ದಿನದ ಓಡಾಟ ಅಷ್ಟೇ. ಸಂಘಗಳು ಮುರಿಯೋದು ಪುಸ್ತಕದಲ್ಲಿ.

ಒಂದು ಲೆಕ್ಕ ನೋಡೋಣ. 12 ಜನ, ವಾರಕ್ಕೆ ತಲಾ 50 ರೂಪಾಯಿ. 10 ವಾರಕ್ಕೆ 6,000 ಆಯ್ತು. ಒಬ್ಬರಿಗೆ ಡ್ರಿಪ್ ಪೈಪಿಗೆ 5,000 ಸಾಲ ಕೊಟ್ಟಿರಿ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ, 10 ಕಂತು. ಮೊದಲ ತಿಂಗಳು ಅಸಲು 500, ಬಡ್ಡಿ 100. ಎರಡನೇ ತಿಂಗಳು ಬಾಕಿ 4,500 ಮಾತ್ರ, ಹಾಗಾಗಿ ಬಡ್ಡಿ 90. ಹೀಗೆ ಇಳಿಯುತ್ತಾ ಹೋದರೆ ಒಟ್ಟು ಬಡ್ಡಿ 550. ಪ್ರತಿ ತಿಂಗಳೂ 5,000ದ ಮೇಲೇ ಹಾಕಿದರೆ 1,000! ನನ್ನ ಪ್ರಕಾರ ಅದು ನಮ್ಮವರಿಂದಲೇ ಮೀಟರ್ ಬಡ್ಡಿ ವಸೂಲಿ ಮಾಡಿದ ಹಾಗೆ. ಯಾವ ಲೆಕ್ಕ ಅನ್ನೋದು ಸಾಲ ಕೊಡೋ ದಿನವೇ ಠರಾವಿನಲ್ಲಿ ಇರಬೇಕು.

ಈಗ ತಾಳೆ ನೋಡೋದು. ಮೊದಲ ಕಂತು ಬಂದ ಹೊತ್ತಿಗೆ ಇನ್ನೂ 4 ವಾರದ ಉಳಿತಾಯ 2,400 ಸೇರಿ, ಒಟ್ಟು ಉಳಿತಾಯ 8,400. ಇದು ಆದಾಯ ಅಲ್ಲ, ಸಂಘ ಸದಸ್ಯರಿಗೆ ಕೊಡಬೇಕಾದ ದುಡ್ಡು. ಆದಾಯ ಅಂದ್ರೆ ಬಡ್ಡಿಯ 100 ಮಾತ್ರ. ಎರಡೂ ಕೂಡಿದರೆ 8,500. ಇನ್ನೊಂದು ಕಡೆ ಸಾಲದ ಬಾಕಿ 4,500, ಬ್ಯಾಂಕ್ ಮತ್ತು ಕೈಯಲ್ಲಿರೋ ನಗದು 4,000. ಅದೂ 8,500. ದಂಡ ಬಂದಿದ್ದರೆ ಮೊದಲ ಕಡೆಗೆ ಕೂಡಿಸಿ, ಖರ್ಚಾಗಿದ್ದರೆ ಅಲ್ಲೇ ಕಳೆಯಿರಿ. ಪ್ರತಿ ತಿಂಗಳು ಎಲ್ಲರ ಎದುರಿಗೇ ಇದನ್ನ ಓದಿ, ಆ ಪುಟದ ಫೋಟೋ ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ.

ವ್ಯತ್ಯಾಸ ಸರಿಯಾಗಿ 50 ಬಂದರೆ ಯಾರದೋ ಒಂದು ವಾರದ ಉಳಿತಾಯ ಬರೆದಿಲ್ಲ ಅಥವಾ ಎರಡು ಸಲ ಬರೆದಿದೆ ಅಂತ ಅನುಮಾನ ಪಡಿ. ಆದರೆ ಒಂದು ತಪ್ಪು ಈ ತಾಳೆಗೆ ಸಿಗಲ್ಲ. ಬಂದ 600ನ್ನೂ ಅಸಲಿಗೇ ಬರೆದರೆ ಬಾಕಿ 4,400 ಆಗುತ್ತೆ, ಬಡ್ಡಿ ಸೊನ್ನೆ. ಆಗ ಎರಡೂ ಕಡೆ 8,400, ಲೆಕ್ಕ ಸರಿಯಾಗೇ ಕಾಣುತ್ತೆ. ಅದಕ್ಕೇ ಸಾಲಗಾರರ ಪಾಸ್‌ಪುಸ್ತಕದಲ್ಲಿ ಅಸಲು, ಬಡ್ಡಿ, ಬಾಕಿ ಮೂರನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದು, ಸಾಲದ ಲೆಡ್ಜರ್ ಜೊತೆ ಅಲ್ಲೇ ಕೂತು ಹೋಲಿಸಿ ಸಹಿ ಹಾಕಿಸಿ.